ಜಿಪ್ಸಂ ಇರಲಿ, ಡ್ರೈನೇಜ್ ಬೇಡ

ಪ್ರಶ್ನೆ: ಕೊಪ್ಪಳ ಕಡೆಯ ಭತ್ತದ ರೈತರಿಗಾಗಿ ಮಣ್ಣು ಪರೀಕ್ಷೆ ಬಗ್ಗೆ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಪಿಎಚ್, ಇಸಿ, ಜಿಪ್ಸಂ ಥರದ ಪದಗಳನ್ನು ಕನ್ನಡಕ್ಕೆ ತರಬೇಕೋ, ಹಾಗೇ ಬಿಡಬೇಕೋ?

ಕರಪತ್ರ ಮಡಚಿ ಜೇಬಿಗಿಟ್ಟ ಮೇಲೆ ರೈತ ಆ ಪದವನ್ನು ಮತ್ತೆ ಎಲ್ಲಿ ನೋಡುತ್ತಾನೆ, ಯಾರ ಮುಂದೆ ಹೇಳುತ್ತಾನೆ ಎಂದು ಯೋಚಿಸಿ. ನಾನು ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದವರಿಗೆ ಮಣ್ಣಿನ ಕಾರ್ಡ್ ಓದಿ ಹೇಳುವವನು. ಪದ ಆರಿಸುವಾಗ ನಾನು ನೋಡುವುದು ಇದನ್ನೇ.

ಪಿಎಚ್ ಅನ್ನು ಹಾಗೇ ಬಿಡಿ. ‘ರಸಸಾರ’ ಒಳ್ಳೆಯ ಪದವೇ, ಕೃಷಿ ಪುಸ್ತಕಗಳಲ್ಲಿ ಇದೆ. ಆದರೆ ಲ್ಯಾಬಿನವರೂ ಅಂಗಡಿಯವರೂ ಬಾಯಲ್ಲಿ ಹೇಳುವುದು ಪಿಎಚ್. ಮೊದಲ ಸಲ ರಸಸಾರ ಎಂದೂ ಹೇಳಿ, ಆಮೇಲೆ ಪಿಎಚ್ ಎಂದೇ ಮುಂದುವರಿಸಿ. ಇಸಿಗೆ ‘ವಿದ್ಯುತ್ ವಾಹಕತೆ’ ಎಂದರೆ ಓದುವವನಿಗೆ ಕರೆಂಟ್ ಕಂಬ ನೆನಪಾಗುತ್ತದೆ. ಅವನಿಗೆ ಬೇಕಾದದ್ದು ಅದರ ಅರ್ಥ: ಮಣ್ಣಿನಲ್ಲಿ ಕರಗಿರುವ ಉಪ್ಪಿನ ಅಳತೆ. ‘ಇಸಿ ಹೆಚ್ಚಿದ್ದರೆ ಉಪ್ಪು ಹೆಚ್ಚು’ ಎಂದರೆ ಸಾಕು. (ಗಡಿ ಸಂಖ್ಯೆ ಹಾಕುವಾಗ ಮಾತ್ರ ಹುಷಾರು. ಉಪ್ಪು ಹೆಚ್ಚು ಎನ್ನಲು ಪುಸ್ತಕಗಳು ಹೇಳುವ ಇಸಿ 4ರ ಗಡಿ, ಮಣ್ಣನ್ನು ಸರಿಯಾಗಿ ತೊಯ್ಯುವಷ್ಟೇ ನೀರು ಹಾಕಿ ಹಿಂಡಿ ತೆಗೆದ ನೀರಿನದು. ಲ್ಯಾಬಿನವರು ಹೆಚ್ಚು ನೀರು ಬೆರೆಸಿ ಅಳೆದಿದ್ದರೆ ಸಂಖ್ಯೆ ಅದಕ್ಕಿಂತ ಕೆಳಗೇ ಬರುತ್ತದೆ.)

ಜಿಪ್ಸಂ ವಿಷಯದಲ್ಲಿ ಅನುವಾದ ಹೊಲಕ್ಕೇ ಪೆಟ್ಟು ಕೊಡುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಇದೆ, ಕ್ಯಾಲ್ಸಿಯಂ ಅಂದರೆ ಸುಣ್ಣ ಎಂದು ಒಂದು ಕರಪತ್ರದಲ್ಲಿ ‘ಸುಣ್ಣದ ಅಂಶ ಹಾಕಿ’ ಎಂದು ಬರೆದಿದ್ದರು. ರೈತ ತರುವುದು ಸುಣ್ಣವನ್ನೇ. ಸುಣ್ಣ ಹುಳಿ ಮಣ್ಣಿಗೆ ಮದ್ದು. ಪಿಎಚ್ 8.5 ದಾಟಿದ ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಮೊದಲೇ ಇರುತ್ತದೆ, ಆ ಪಿಎಚ್‌ನಲ್ಲಿ ಕರಗುವುದೂ ಇಲ್ಲ. ಜಿಪ್ಸಂ ಸ್ವಲ್ಪವಾದರೂ ಕರಗಿ, ಅದರ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ. ಬಿಟ್ಟ ಸೋಡಿಯಂ ನೀರಿನ ಜೊತೆ ಹೊರಗೆ ಹೋಗಬೇಕು. ಚೀಲದ ಮೇಲೂ ಜಿಪ್ಸಂ ಎಂದೇ ಇರುತ್ತದೆ, ಅಂಗಡಿಯಲ್ಲಿ ಕೇಳುವುದೂ ಹಾಗೆಯೇ.

‘ನೀರಿನ ಜೊತೆ ಹೊರಗೆ’ ಎಂದೆನಲ್ಲ, ಅಲ್ಲಿ ಲೆಕ್ಕ ತಿರುಗುತ್ತದೆ. ‘ಡ್ರೈನೇಜ್ ಮಾಡಿ’ ಎಂದು ಬರೆದರೆ ನಮ್ಮಲ್ಲಿ ನೆನಪಾಗುವುದು ಊರಿನ ಚರಂಡಿ. ‘ಬಸಿಗಾಲುವೆ ತೆಗೆಯಿರಿ’ ಎಂದು ಬರೆಯಿರಿ. ನೀರು ನಿಂತು ಕೆಟ್ಟ ಹೊಲಕ್ಕೂ ‘ಜವಳು’ ಎಂಬ ಪದ ಬಾಯಲ್ಲೇ ಇದೆ, ವಾಟರ್‌ಲಾಗಿಂಗ್ ಬೇಕಿಲ್ಲ.

ಇನ್ನು ‘ಸವಳು’. ಇಲ್ಲಿ ಸ್ವಲ್ಪ ನಿಧಾನಿಸಿ, ಏಕೆಂದರೆ ರೈತ ಎರಡು ಬೇರೆ ರೋಗಗಳಿಗೂ ಇದನ್ನೇ ಹೇಳುತ್ತಾನೆ. ಒಂದು ಉಪ್ಪು ಕೂಡಿದ್ದು: ಹೊಲ ಒಣಗಿದಾಗ ಮೇಲೆ ಬಿಳಿ ಪದರ ಕಾಣುತ್ತದೆ, ಇಸಿ ಹೆಚ್ಚಿರುತ್ತದೆ, ಒಳ್ಳೆಯ ನೀರು ಕಟ್ಟಿ ಬಸಿದರೆ ಉಪ್ಪು ತೊಳೆದು ಹೋಗುತ್ತದೆ. ಇನ್ನೊಂದು ಸೋಡಿಯಂನದು: ತೊಯ್ದಾಗ ಅಂಟು, ಒಣಗಿದಾಗ ಕಲ್ಲು, ನಿಂತ ನೀರು ರಾಡಿಯಾಗಿ ಇಳಿಯುವುದೇ ಇಲ್ಲ, ಪಿಎಚ್ 8.5ರ ಮೇಲೆ. ಇದಕ್ಕೆ ಬರೀ ನೀರು ಕಟ್ಟಿದರೆ ಉಪಯೋಗವಿಲ್ಲ, ಮೊದಲು ಜಿಪ್ಸಂ ಬೇಕು. ‘ಸವಳಿಗೆ ನೀರು ಕಟ್ಟಿ’ ಎಂದಷ್ಟೇ ಬರೆದರೆ ಅರ್ಧ ಮಂದಿಗೆ ತಪ್ಪು ಸಲಹೆ ಕೊಟ್ಟ ಹಾಗೆ. ಇಲ್ಲಿ ಇಂಗ್ಲಿಷೂ ಬೇಡ, ಪುಸ್ತಕದ ಪದವೂ ಬೇಡ. ‘ಉಪ್ಪಿನ ಸವಳು’, ‘ಸೋಡಿಯಂ ಸವಳು’ ಎಂದು ಬೇರೆ ಮಾಡಿ, ಗುರುತುಗಳನ್ನೂ ಜೊತೆಗಿಡಿ. ಎರಡೂ ಕೂಡಿದ ಹೊಲಗಳೂ ಇವೆ. ಅಂಥವರನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಕಳಿಸಿ, ಸವಳು ಮಣ್ಣಿನ ಕೆಲಸ ಅಲ್ಲಿ ನಡೆಯುತ್ತದೆ.

ಕೆಲವು ಪದಗಳನ್ನು ಯಾವ ಭಾಷೆಯಲ್ಲೂ ಹಾಕಬೇಡಿ. ‘ವಿನಿಮಯಿತ ಸೋಡಿಯಂ ಶೇಕಡಾವಾರು’ ಮಣ್ಣು ಆರೋಗ್ಯ ಕಾರ್ಡಿನಲ್ಲೇ ಇಲ್ಲ. ಕಾಣದ ಸಂಖ್ಯೆಗೆ ಹೆಸರು ಕಲಿಸಿ ಏನು ಮಾಡುವುದು?

ಇಷ್ಟು ಸೇರಿಸಿದರೆ ಒಂದು ಭಾಗ ಹೀಗೆ ಬರುತ್ತದೆ: ‘ಕಾರ್ಡಿನಲ್ಲಿ ಪಿಎಚ್ 8.5 ದಾಟಿದೆ, ಇಸಿ ಕಡಿಮೆ ಇದೆ, ಹೊಲದಲ್ಲಿ ನೀರು ಇಳಿಯುತ್ತಿಲ್ಲ ಎಂದರೆ ಅದು ಸೋಡಿಯಂ ಸವಳು ಇರಬಹುದು. ಎಷ್ಟು ಜಿಪ್ಸಂ ಬೇಕೆಂದು ಲ್ಯಾಬಿನಲ್ಲಿ ಕೇಳಿ. ಮೊದಲು ಬಸಿಗಾಲುವೆ ತೆಗೆಯಿರಿ, ಜಿಪ್ಸಂ ಹರಡಿ ಮೇಲ್ಮಣ್ಣಿಗೆ ಬೆರೆಸಿ, ಆಮೇಲೆ ನೀರು ಕಟ್ಟಿ ಬಸಿಯಿರಿ.’

ಅಚ್ಚಿಗೆ ಕೊಡುವ ಮೊದಲು ಇದನ್ನು ಇಬ್ಬರು ಮೂವರಿಗೆ ಓದಿ. ‘ಅರ್ಥ ಆಯ್ತೇನ್ರಿ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ‘ಅಂಗಡಿಗೆ ಹೋಗಿ ಏನಂತ ಕೇಳ್ತೀರಿ? ಹೊಲದಾಗ ಮೊದಲು ಏನ್ ಮಾಡ್ತೀರಿ?’ ಎಂದು ಕೇಳಿ. ಉತ್ತರದಲ್ಲಿ ಸುಣ್ಣ ಬಂದರೆ, ಅಥವಾ ಬಸಿಗಾಲುವೆ ಕೊನೆಗೆ ಬಂದರೆ, ಆ ವಾಕ್ಯವನ್ನೇ ತಿದ್ದಿ.