ಮಂಡಿ ಊದಿದ್ದು ಎಷ್ಟು ಹೊತ್ತಿಗೆ? ಎಕ್ಸ್-ರೇ ಸರಿಯಿದ್ದರೂ ಮುಗಿಯದ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 26. ಕೂತು ಮಾಡುವ ಕೆಲಸ, ವಾರಕ್ಕೆ ಮೂರು ದಿನ ಬ್ಯಾಡ್ಮಿಂಟನ್. ಆಡುವಾಗ ಹಿಂದಕ್ಕೆ ಓಡಿ, ಹಾರಿ ಹೊಡೆದು, ಎಡಗಾಲೊಂದರ ಮೇಲೆ ಇಳಿದರು. ಪಾದ ನೆಲಕ್ಕೆ ಕಚ್ಚಿ ನಿಂತಿತು, ಮೈ ತಿರುಗಿತು, ಮಂಡಿ ಒಳಕ್ಕೆ ವಾಲಿತು. ಯಾರೂ ತಾಗಿರಲಿಲ್ಲ, ದೊಡ್ಡದಾಗಿ ಬಿದ್ದೂ ಇರಲಿಲ್ಲ. ಮರುದಿನ ಎಕ್ಸ್-ರೇ ತೆಗೆಸಿದರು. ಮೂಳೆ ಸರಿ ಇದೆ, ಉಳುಕಿದೆ ಅಷ್ಟೇ ಎಂದು ನೋವಿನ ಮಾತ್ರೆ ಸಿಕ್ಕಿತು. ಆರನೇ ದಿನ ಸಲಹೆಗೆ ಬಂದಾಗ ಸ್ವಲ್ಪ ಕುಂಟುತ್ತಾ ನಡೆಯುತ್ತಿದ್ದರು.

"ನಡೆಯೋಕೆ ಆಗ್ತಿದೆ, ಎಕ್ಸ್-ರೇನೂ ಸರಿ ಇದೆ. ಅಂದ್ರೆ ಲಿಗಮೆಂಟ್‌ಗೆ ಏನೂ ಆಗಿಲ್ಲ ಅಂತ ತಾನೇ ಸರ್? ಇನ್ನೆರಡು ವಾರ ಬಿಟ್ಟು ಆಡಬಹುದಾ? ಇಲ್ಲ, ಸುಮ್ಮನೆ ಎಂಆರ್‌ಐ ಮಾಡಿಸಿಬಿಡಲಾ?"

ಇದಕ್ಕೆ ಉತ್ತರ ಹೇಳುವ ಮುನ್ನ ಅವರಿಂದ ಒಂದು ವಿಷಯ ತಿಳಿಯಬೇಕಿತ್ತು: ಮಂಡಿ ಊದಿದ್ದು ಯಾವಾಗ? "ಅವತ್ತೇ" ಎಂದರು. ಅಷ್ಟು ಸಾಲದು. "ಆಟ ನಿಲ್ಲಿಸಿ ಪಕ್ಕಕ್ಕೆ ಕೂತಾಗಲೇ ಮಂಡಿ ಬಿಗಿದುಕೊಂಡಿತಾ, ಅಥವಾ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೊತ್ತಾಯಿತಾ?" ಎಂದು ಕೇಳಿದ ಮೇಲೆ ನೆನಪಿಸಿಕೊಂಡರು. ಕೂತಲ್ಲೇ, ಒಂದು ಗಂಟೆ ಕಳೆಯುವ ಮೊದಲೇ ಮಂಡಿಚಿಪ್ಪಿನ ಅಂಚು ಕಾಣದಷ್ಟು ಊದಿತ್ತು. ತಿರುಚಿದ ಕ್ಷಣದಲ್ಲಿ ಒಳಗೆ 'ಟಕ್' ಎಂದಂತಾಗಿತ್ತು. ಮೂರನೇ ದಿನ ಮೆಟ್ಟಿಲು ಇಳಿಯುವಾಗ ಕಾಲು ಒಮ್ಮೆ ಜಾರಿದಂತಾಗಿ ಪಕ್ಕದ ಕಂಬಿ ಹಿಡಿದುಕೊಂಡಿದ್ದರು.

ಈ ಮೂರು ಸಂಗತಿ ಒಟ್ಟಿಗೆ ಬಂದರೆ ಉಳುಕು ಎಂದು ಸುಮ್ಮನಾಗುವಂತಿಲ್ಲ. ಕಾರಣ ಇಷ್ಟು. ಮಂಡಿಯ ಕೀಲಿನೊಳಗೆ ಅಡ್ಡಲಾಗಿದ್ದು ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ, ಅಂದರೆ ಎಸಿಎಲ್ ಎಂಬ ಲಿಗಮೆಂಟ್‌ಗೆ ರಕ್ತನಾಳಗಳಿವೆ. ಅದು ಹರಿದರೆ ಕೀಲಿನ ಚೀಲದೊಳಗೇ ರಕ್ತ ಸೋರುತ್ತದೆ, ಹಾಗಾಗಿ ಒಂದೆರಡು ಗಂಟೆಯೊಳಗೆ ಇಡೀ ಮಂಡಿ ಗುಂಡಗೆ ಬಿಗಿಯುತ್ತದೆ. ತೊಡೆಮೂಳೆಗೂ ಕಾಲುಮೂಳೆಗೂ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್‌ನ ಒಳಭಾಗಕ್ಕೆ ರಕ್ತದ ಓಡಾಟವೇ ಇಲ್ಲವೆನ್ನುವಷ್ಟು ಕಡಿಮೆ. ಅದು ಹರಿದಾಗ ತುಂಬುವುದು ಹೆಚ್ಚಾಗಿ ಕೀಲಿನ ಪೊರೆ ಕೆರಳಿ ಸುರಿಸುವ ನೀರು. ಅದಕ್ಕೆ ಸಮಯ ಹಿಡಿಯುತ್ತದೆ, ರಾತ್ರಿ ಕಳೆದು ಬೆಳಿಗ್ಗೆ ಊತ ಕಾಣುತ್ತದೆ. ಮಂಡಿಯ ಒಳಪಕ್ಕದ ಲಿಗಮೆಂಟ್ ಹಿಗ್ಗಿದ ಸಾಧಾರಣ ಉಳುಕಿನಲ್ಲಿ ಊತ ಆ ಪಕ್ಕಕ್ಕೇ ಸೀಮಿತವಾಗಿರುತ್ತದೆ, ಏಕೆಂದರೆ ಆ ಪಟ್ಟಿ ಬಹುಮಟ್ಟಿಗೆ ಕೀಲಿನ ಚೀಲದ ಹೊರಗಿದೆ. ಅಲ್ಲಿ ಬೆರಳಿಟ್ಟರೆ ನೋವು ಗೊತ್ತಾಗುತ್ತದೆ, ಮಂಡಿಚಿಪ್ಪಿನ ಸುತ್ತ ಮಾತ್ರ ತುಂಬಿರುವುದಿಲ್ಲ.

ಈ ಲೆಕ್ಕ ಸೂಚನೆಯೇ ಹೊರತು ತೀರ್ಪಲ್ಲ. ಮೆನಿಸ್ಕಸ್‌ನ ಹೊರಅಂಚು ಹರಿದರೆ ಅಲ್ಲಿಂದಲೂ ರಕ್ತ ಬರುತ್ತದೆ. ಮಂಡಿಚಿಪ್ಪು ಕ್ಷಣಮಾತ್ರ ಜಾರಿ ತಾನೇ ಮರಳಿ ಕೂತಿದ್ದರೂ ಊತ ಬೇಗ ಏರುತ್ತದೆ. ಆಗ ನೋವು ಚಿಪ್ಪಿನ ಒಳಅಂಚಿನಲ್ಲಿ ಎದ್ದು ತೋರುತ್ತದೆ. ಕೀಲಿನೊಳಗಿನ ಮೂಳೆ ಸೀಳಿದ್ದರೂ ಹಾಗೆಯೇ. ಆದರೂ ಬೇಗ ಊದಿದ ಮಂಡಿಯನ್ನು ನುರಿತ ಕೈಯೊಂದು ಪರೀಕ್ಷಿಸಲೇಬೇಕು ಎನ್ನುವುದರಲ್ಲಿ ರಾಜಿಯಿಲ್ಲ.

ಇನ್ನು ಅವರ ಎರಡು ಸಮಾಧಾನಗಳು. ಎಕ್ಸ್-ರೇ ತೋರಿಸುವುದು ಮೂಳೆಯನ್ನು. ಲಿಗಮೆಂಟ್, ಮೆನಿಸ್ಕಸ್ ಅದರಲ್ಲಿ ಕಾಣುವುದಿಲ್ಲ. 'ನಾರ್ಮಲ್' ಎಂದರೆ ಮೂಳೆ ಮುರಿದದ್ದು ಕಂಡಿಲ್ಲ ಎಂದಷ್ಟೇ ಅರ್ಥ. ಎಲ್ಲ ಪೆಟ್ಟಿಗೂ ಎಕ್ಸ್-ರೇ ಬೇಕೆಂದೂ ಇಲ್ಲ. ಒಟ್ಟಾವಾ ನಿಯಮ ಎಂದು ವೈದ್ಯರು ಬಳಸುವ ಅಳತೆಯೊಂದಿದೆ. ವಯಸ್ಸು 55 ದಾಟಿದ್ದರೆ ಅಥವಾ 55 ಆಗಿದ್ದರೆ, ಮಂಡಿಚಿಪ್ಪನ್ನು ಒತ್ತಿದಾಗ ಅಲ್ಲಿ ಮಾತ್ರ ನೋವಿದ್ದರೆ, ಮಂಡಿಯ ಹೊರಪಕ್ಕದ ಕೆಳಗಿರುವ ಸಣ್ಣ ಮೂಳೆಯ ಗಂಟಿನಲ್ಲಿ ನೋವಿದ್ದರೆ, ಮಂಡಿ 90 ಡಿಗ್ರಿ ಮಡಚಲು ಬಾರದಿದ್ದರೆ, ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿಗೂ ನಾಲ್ಕು ಹೆಜ್ಜೆ ಭಾರ ಊರಲು ಆಗದಿದ್ದರೆ ಎಕ್ಸ್-ರೇ ಬೇಕು. ಇವುಗಳಲ್ಲಿ ಒಂದಿದ್ದರೂ ಸಾಕು.

ನಡೆಯಲು ಆಗುತ್ತದೆ ಎನ್ನುವ ಮಾತು ಇನ್ನೂ ಹೆಚ್ಚು ಮೋಸ ಮಾಡುತ್ತದೆ. ನೇರ ದಾರಿಯಲ್ಲಿ ಮೆಲ್ಲನೆ ನಡೆಯುವಾಗ ಎಸಿಎಲ್‌ನ ಕೆಲಸ ಅಷ್ಟೇನಿಲ್ಲ. ಕಾಲುಮೂಳೆ ಮುಂದಕ್ಕೆ ಜಾರದಂತೆ, ದೇಹ ತಿರುಗುವಾಗ ಮಂಡಿ ತಿರುಚದಂತೆ ಹಿಡಿಯುವುದು ಅದರ ಕೆಲಸ. ಹಾಗಾಗಿ ಹರಿದ ಎಸಿಎಲ್ ಇಟ್ಟುಕೊಂಡೇ ಜನ ಕೆಲವೇ ವಾರಗಳಲ್ಲಿ ಚೆನ್ನಾಗಿ ನಡೆಯುತ್ತಾರೆ, ಊತ ಇಳಿಯಿತೆಂದು ಅಂಕಣಕ್ಕಿಳಿಯುತ್ತಾರೆ. ಮೊದಲ ಬಾರಿ ಥಟ್ಟನೆ ತಿರುಗಿದಾಗ ಮಂಡಿ ಕೈಕೊಡುತ್ತದೆ. ಆ ಎರಡನೇ ತಿರುಚಿನಲ್ಲಿ ಅಲ್ಲಿಯವರೆಗೆ ಸರಿಯಿದ್ದ ಮೆನಿಸ್ಕಸ್ ಹರಿಯುವುದುಂಟು. ಈ ವ್ಯಕ್ತಿಯ 'ಎರಡು ವಾರ ಬಿಟ್ಟು ಆಡಲಾ' ಎಂಬ ಪ್ರಶ್ನೆಯಲ್ಲಿ ನಿಜವಾದ ಅಪಾಯ ಇದ್ದದ್ದು ಇಲ್ಲೇ.

ಕೊಟ್ಟ ಸಲಹೆ

ಆಟ ಪೂರ್ತಿ ನಿಲ್ಲಲಿ. ತಿರುಗುವುದು, ಜಿಗಿಯುವುದು, ಮಂಡಿಯೂರಿ ಕೂರುವುದು ಬೇಡ. ನಡಿಗೆ ಬೇಕು, ಆದರೆ ಕುಂಟುವಷ್ಟು ದಿನ ಊರುಗೋಲಿನ ಆಸರೆಯಲ್ಲಿ. ಬಟ್ಟೆಯಲ್ಲಿ ಸುತ್ತಿದ ಐಸ್ ಒಂದು ಸಲಕ್ಕೆ 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಅದು ನೋವು ತಗ್ಗಿಸಲು, ಹರಿದದ್ದನ್ನು ಕೂಡಿಸಲು ಅಲ್ಲ. ಕ್ರೇಪ್ ಬ್ಯಾಂಡೇಜನ್ನು ಮೀನಖಂಡದ ನಡುವಿನಿಂದ ಮೇಲಕ್ಕೆ ಸುತ್ತಬೇಕು. ಬೆರಳು ಜೋಮು ಹಿಡಿದರೆ ಅಥವಾ ಬಣ್ಣ ತಿರುಗಿದರೆ ಬಿಚ್ಚಿ ಸಡಿಲವಾಗಿ ಸುತ್ತಬೇಕು, ಮಲಗುವಾಗ ತೆಗೆಯಬೇಕು. ಊದಿರುವ ಮಂಡಿಯನ್ನು ತಿಕ್ಕಿ ನೀವುವುದು, ಬಿಸಿ ಶಾಖ ಕೊಡುವುದು ಬೇಡ.

ಹೆಚ್ಚಿನವರು ಎಡವುವುದು ದಿಂಬಿನಲ್ಲಿ. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಹಿತವಾಗಿರುತ್ತದೆ, ಏಕೆಂದರೆ ತುಂಬಿದ ಕೀಲಿಗೆ ಸ್ವಲ್ಪ ಮಡಚಿದ ಸ್ಥಿತಿಯೇ ಸುಲಭ. ಆದರೆ ವಾರಗಟ್ಟಲೆ ಹಾಗೇ ಬಿಟ್ಟರೆ ಮಂಡಿ ಪೂರ್ತಿ ನೆಟ್ಟಗಾಗುವುದನ್ನೇ ಮರೆಯುತ್ತದೆ. ದಿಂಬು ಇರಬೇಕಾದ್ದು ಹಿಮ್ಮಡಿಯ ಕೆಳಗೆ. ಮಂಡಿ ತನ್ನ ಭಾರಕ್ಕೆ ಕೆಳಗಿಳಿಯಲಿ, ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ. ಜೊತೆಗೆ ಕಾಲು ಚಾಚಿ ಕೂತು, ಮಂಡಿಯ ಹಿಂಭಾಗವನ್ನು ನೆಲಕ್ಕೆ ಒತ್ತುತ್ತಾ ತೊಡೆಯ ಮುಂದಿನ ಸ್ನಾಯುವನ್ನು ಐದು ಸೆಕೆಂಡು ಬಿಗಿಹಿಡಿದು ಬಿಡುವುದು, ಒಂದು ಸರದಿಗೆ ಹತ್ತು ಸಲ. ಊತ ಇರುವಷ್ಟು ದಿನ ಈ ಸ್ನಾಯು ತಾನಾಗಿ ಮಂಕಾಗುತ್ತದೆ. ಕೆಲಸ ಕೊಡದಿದ್ದರೆ ತೊಡೆ ಬೇಗ ಸೊರಗುತ್ತದೆ.

ಊತ ಇಳಿಯುತ್ತಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳುವ ಬಗೆಯನ್ನೂ ತೋರಿಸಲಾಯಿತು. ಕಾಲು ಸಡಿಲ ಬಿಟ್ಟು, ಚಿಪ್ಪಿನ ಒಳಪಕ್ಕವನ್ನು ಅಂಗೈಯಿಂದ ಮೇಲಕ್ಕೆ ಎರಡು ಮೂರು ಸಲ ಸವರಬೇಕು. ಆಮೇಲೆ ಹೊರಪಕ್ಕವನ್ನು ಮೇಲಿನಿಂದ ಕೆಳಕ್ಕೆ ಸವರಬೇಕು. ಒಳಪಕ್ಕದ ಗುಳಿಯಲ್ಲಿ ನೀರು ಮತ್ತೆ ಉಬ್ಬಿದರೆ ಕೀಲಿನಲ್ಲಿ ಇನ್ನೂ ದ್ರವವಿದೆ.

ಕೆಲವು ಲಕ್ಷಣ ಕಂಡರೆ ಮುಂದಿನ ಭೇಟಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಬರೆದುಕೊಡಲಾಯಿತು. ಮಂಡಿ ಒಂದು ಕಡೆ ಸಿಕ್ಕಿಹಾಕಿಕೊಂಡು ಯಾವುದಕ್ಕೂ ನೆಟ್ಟಗಾಗದಿರುವುದು, ಅಂದರೆ ಹರಿದ ಮೆನಿಸ್ಕಸ್‌ನ ತುಂಡು ಕೀಲಿನ ನಡುವೆ ಬಂದಿರುವ ಸಾಧ್ಯತೆ. ಪಾದ ತಣ್ಣಗಾಗುವುದು ಅಥವಾ ಮರಗಟ್ಟುವುದು. ಮೀನಖಂಡ ಊದಿ ನೋಯುವುದು. ಮಂಡಿ ಕೆಂಪಾಗಿ ಸುಡುತ್ತಾ ಜ್ವರ ಬರುವುದು.

ಎಂಆರ್‌ಐ ಯಾವಾಗ

ಆರನೇ ದಿನ ಅವರಿಗೆ ಹೇಳಿದ್ದು, ಮೊದಲು ಮೂಳೆ-ಕೀಲು ತಜ್ಞರಿಂದ ಕೈಪರೀಕ್ಷೆ, ಅದರ ಮೇಲೆ ಎಂಆರ್‌ಐ. ಹೊಸ ಪೆಟ್ಟಿನಲ್ಲಿ ನೋವಿಗೆ ಸ್ನಾಯುಗಳು ಬಿಗಿದಿರುವುದರಿಂದ ಕೀಲಿನ ಸಡಿಲು ಕೈಗೆ ಸಿಗುವುದಿಲ್ಲ. ಒಂದು ವಾರ ಹತ್ತು ದಿನ ಕಳೆದ ಮೇಲೆ ಅದೇ ಪರೀಕ್ಷೆ ಹೆಚ್ಚು ಹೇಳುತ್ತದೆ. ಮೊದಲ ದಿನ ಪರೀಕ್ಷಿಸಿ 'ಗಟ್ಟಿ ಇದೆ' ಎಂದಿದ್ದರೂ ಮತ್ತೊಮ್ಮೆ ತೋರಿಸಿ ಎನ್ನುವುದು ಇದಕ್ಕೇ. ಎಸಿಎಲ್‌ಗೆ ಲಾಕ್‌ಮನ್ ಪರೀಕ್ಷೆ ಇದೆ. ಮಂಡಿಯನ್ನು 20–30 ಡಿಗ್ರಿ ಮಡಚಿ, ತೊಡೆಯನ್ನು ಹಿಡಿದು ಕಾಲುಮೂಳೆಯನ್ನು ಮುಂದಕ್ಕೆ ಎಳೆಯುತ್ತಾರೆ. ಸರಿಯಿದ್ದರೆ ಗಟ್ಟಿಯಾಗಿ ತಡೆ ಸಿಗುತ್ತದೆ, ಹರಿದಿದ್ದರೆ ಮೆತ್ತಗೆ ಜಾರುತ್ತದೆ.

ಎಂಆರ್‌ಐಗೆ ಊತ ಅಡ್ಡಿಯಲ್ಲ, ಇಳಿಯಲೆಂದು ಕಾಯಬೇಕಿಲ್ಲ. ಆದರೆ ಅದರ ಫಲಿತಾಂಶದಿಂದ ಮುಂದಿನ ಹೆಜ್ಜೆ ಬದಲಾಗುವಂತಿರಬೇಕು. ಬೇಗ ಊದಿದ ಮಂಡಿ, ಕೈಕೊಡುವ ಮಂಡಿ, ಸಿಕ್ಕಿಹಾಕಿಕೊಳ್ಳುವ ಮಂಡಿ, ಪರೀಕ್ಷೆಯಲ್ಲಿ ಸಡಿಲ ಕಂಡ ಮಂಡಿ, ಕೆಲವು ವಾರ ಸರಿಯಾಗಿ ವ್ಯಾಯಾಮ ಮಾಡಿದರೂ ಊತ ಮರುಕಳಿಸುವ ಮಂಡಿ, ಇವಕ್ಕೆ ಅದು ನೆರವಾಗುತ್ತದೆ. ಒಳಪಕ್ಕದಲ್ಲಷ್ಟೇ ನೋವಿದ್ದು, ಕೀಲು ಗಟ್ಟಿಯಾಗಿದ್ದು, ದಿನದಿನಕ್ಕೆ ಸುಧಾರಿಸುತ್ತಿರುವ ಉಳುಕಿಗೆ ಬೇಕಿಲ್ಲ. ನಡುವಯಸ್ಸು ದಾಟಿದವರಲ್ಲಿ ಇನ್ನೂ ಎಚ್ಚರ ಬೇಕು. ಯಾವ ನೋವೂ ಇಲ್ಲದವರ ಎಂಆರ್‌ಐನಲ್ಲೂ ಮೆನಿಸ್ಕಸ್ ಸವೆದು ಹರಿದಿರುವುದು ಸಾಮಾನ್ಯವಾಗಿ ಕಾಣುತ್ತದೆ, ಅದನ್ನೇ ಇಂದಿನ ನೋವಿನ ಮೂಲವೆಂದು ಹಿಡಿದರೆ ಬೇಡದ ಶಸ್ತ್ರಚಿಕಿತ್ಸೆಗೆ ದಾರಿಯಾಗಬಹುದು. ಅಲ್ಟ್ರಾಸೌಂಡ್ ನೀರನ್ನೂ ಪಕ್ಕದ ಲಿಗಮೆಂಟನ್ನೂ ತೋರಿಸುತ್ತದೆ, ಎಸಿಎಲ್ ವಿಷಯದಲ್ಲಿ ಅದನ್ನು ನೆಚ್ಚಬಾರದು.

ಮುಂದೆ ಆದದ್ದು

ಹತ್ತನೇ ದಿನದ ಪರೀಕ್ಷೆಯಲ್ಲಿ ಎಡಮಂಡಿ ಬಲಕ್ಕಿಂತ ಸ್ಪಷ್ಟವಾಗಿ ಸಡಿಲವಿತ್ತು. ಎಂಆರ್‌ಐನಲ್ಲಿ ಎಸಿಎಲ್ ಪೂರ್ತಿ ಹರಿದಿತ್ತು, ಹೊರಪಕ್ಕದ ಮೂಳೆಗಳಲ್ಲಿ ಜಜ್ಜಿದ ಗುರುತಿತ್ತು. ಅದು ಎಸಿಎಲ್ ಹರಿಯುವಾಗ ಮೂಳೆಗಳು ಒಂದಕ್ಕೊಂದು ಬಡಿದ ಕಲೆ. ಎರಡೂ ಮೆನಿಸ್ಕಸ್ ಸರಿಯಿದ್ದವು.

"ಹಾಗಾದ್ರೆ ಕೂಡಲೇ ಆಪರೇಷನ್ನಾ ಸರ್?" ಎಂದು ಗಾಬರಿಯಾದರು. ಕೂಡಲೇ ಬೇಕಿರಲಿಲ್ಲ. ಮೆನಿಸ್ಕಸ್ ಹರಿದು ಸಿಕ್ಕಿಹಾಕಿಕೊಂಡಿದ್ದರೆ ಮಾತು ಬೇರೆ, ಅದನ್ನು ಹೊಲಿದು ಉಳಿಸಲು ತಡಮಾಡಬಾರದು. ಎಸಿಎಲ್ ಒಂದೇ ಹರಿದಿದ್ದರೆ ಮೊದಲು ಊತ ಇಳಿಸಿ, ಮಂಡಿ ಪೂರ್ತಿ ನೆಟ್ಟಗಾಗಿಸಿ, ತೊಡೆಗೆ ಬಲ ತುಂಬಲು ಸಮಯವಿದೆ. ಬಿಗಿದ, ಊದಿದ ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಆಮೇಲೆ ಅದು ಪೆಡಸಾಗುವ ಭಯ ಹೆಚ್ಚು. 2010ರಲ್ಲಿ ಪ್ರಕಟವಾದ ಸ್ವೀಡನ್‌ನ ಅಧ್ಯಯನವೊಂದರಲ್ಲಿ, ಮೊದಲು ವ್ಯಾಯಾಮ ಮಾಡಿ ಬೇಕೆನಿಸಿದರೆ ಮಾತ್ರ ಶಸ್ತ್ರಚಿಕಿತ್ಸೆಗೆ ಹೋಗುವ ದಾರಿ ಹಿಡಿದವರ ಮಂಡಿ ಎರಡು ವರ್ಷದ ಹೊತ್ತಿಗೆ, ಆರಂಭದಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಷ್ಟೇ ಚೆನ್ನಾಗಿತ್ತು. ಮೊದಲು ವ್ಯಾಯಾಮ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆವರೆಗೆ ಆಪರೇಷನ್ ಇಲ್ಲದೆ ಇದ್ದರು.

ಅದರಂತೆ ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ಮೂರು ತಿಂಗಳ ವ್ಯಾಯಾಮ, ಆಮೇಲೆ ನಿರ್ಧಾರ ಎಂದು ಒಪ್ಪಂದವಾಯಿತು. ಈ ನಡುವೆ ದಿನನಿತ್ಯದ ಓಡಾಟದಲ್ಲೂ ಮಂಡಿ ಕೈಕೊಟ್ಟರೆ ಗಡುವಿಗೆ ಕಾಯಬಾರದು. ಮೂರು ತಿಂಗಳಿಗೆ ನಡಿಗೆ, ಸೈಕಲ್, ಮೆಟ್ಟಿಲು ಎಲ್ಲ ಸಲೀಸಾಗಿತ್ತು, ಆದರೆ ಪಕ್ಕಕ್ಕೆ ತಿರುಗುವ ಅಭ್ಯಾಸದಲ್ಲಿ ಎರಡು ಸಲ ಮಂಡಿ ಜಾರಿತು. ಬ್ಯಾಡ್ಮಿಂಟನ್ ಬಿಡಲು ಮನಸ್ಸಿರಲಿಲ್ಲ. ಶಸ್ತ್ರಚಿಕಿತ್ಸೆಯನ್ನು ಅವರೇ ಆರಿಸಿಕೊಂಡರು. ಅದಾದ ಮೇಲೆ ಕನಿಷ್ಠ ಒಂಬತ್ತು ತಿಂಗಳು ಅಂಕಣಕ್ಕಿಳಿಯುವಂತಿಲ್ಲ, ಇಳಿಯುವ ಮುನ್ನ ಒಂಟಿಕಾಲಿನ ಜಿಗಿತದಲ್ಲೂ ತೊಡೆಯ ಬಲದಲ್ಲೂ ಎಡಗಾಲು ಬಲಗಾಲಿನ ಶೇ. 90ರಷ್ಟಾದರೂ ಮುಟ್ಟಿರಬೇಕು ಎಂಬ ಷರತ್ತನ್ನು ಅವರು ಮೊದಲೇ ಕೇಳಿ ತಿಳಿದುಕೊಂಡಿದ್ದರು.