ಕಪ್ಪಾದ ಮುಖವೊಂದನ್ನೇ ಬೆಳಗಿಸಲು ಹೋಗಬೇಡಿ

"ಸೂರ್ಯಾಸ್ತದ ಹೊತ್ತಲ್ಲಿ ತೆಗೆದ ಫೋಟೋದಲ್ಲಿ ಮುಖ ಪೂರ್ತಿ ಕಪ್ಪು, ಆಕಾಶ ಮಾತ್ರ ಚೆನ್ನಾಗಿದೆ. ಲೈಟ್‌ರೂಮ್‌ನಲ್ಲಿ Shadows +100 ಕೊಟ್ಟರೂ ಸಾಲ್ತಿಲ್ಲ. ಮುಖವನ್ನು ಆಕಾಶದಷ್ಟೇ ಬೆಳಕಾಗಿ ಮಾಡೋದು ಹೇಗೆ?"

ಮರವಂತೆ, 2022ರ ಡಿಸೆಂಬರ್. ಅಪ್ಪ ಕಡಲಿಗೆ ಬೆನ್ನು ಹಾಕಿ ನಿಂತಿದ್ದರು, ಬಿಳಿ ಅಂಗಿ, ಪಂಚೆ. ಹಿಂದೆ ಕೇಸರಿ ಆಕಾಶ. ಕ್ಯಾಮೆರಾ ಆಕಾಶ ನೋಡಿ ಬೆಳಕು ಅಳೆಯಿತು, ಅಪ್ಪನ ಮುಖ ಕಪ್ಪಾಯಿತು. ಅವರ ಷಷ್ಟ್ಯಬ್ದಿಗೆ ಅದೇ ಫೋಟೋ ದೊಡ್ಡದಾಗಿ ಹಾಕಿಸಬೇಕು ಅಂತ ನನ್ನ ಆಸೆ.

ನಾನೂ ಮೊದಲು ಮಾಡಿದ್ದು Shadows +100. ಮುಖ ಸ್ವಲ್ಪ ಕಂಡಿತು, ಆದರೆ ಮೀಸೆ ಬೂದಿ ಬಣ್ಣಕ್ಕೆ ತಿರುಗಿತು. ಹಿಂದಿನ ಬಂಡೆಗಳೂ ಬೆಳ್ಳಗಾದವು. ಆಗ ಬ್ರಷ್ ತಗೊಂಡು ಮುಖದ ಅಂಚಿಗೆ ಸರಿಯಾಗಿ ಮಾಸ್ಕ್ ಬಳಿದೆ. Exposure +2 ಕೊಟ್ಟೆ. ಕಣ್ಣು, ಮೂಗು, ನಗು ಎಲ್ಲ ಎದ್ದು ಬಂತು. ಖುಷಿಯಾಗಿ 12×18 ಇಂಚು ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿದೆ.

ಮನೆಗೆ ಬಂದ ಚಿಕ್ಕಪ್ಪ ನೋಡಿದವರೇ, "ಇದೇನೋ, ಅಣ್ಣನ ಮುಖ ಬೇರೆ ಫೋಟೋದಿಂದ ಅಂಟಿಸಿದ್ದೀಯಾ?" ಅಂದರು. ಅಪ್ಪ ಏನೂ ಹೇಳಲಿಲ್ಲ. ನನಗೆ ಆ ಮೌನವೇ ಜಾಸ್ತಿ ನೋವಾಯಿತು.

ತಪ್ಪು ಎಲ್ಲಿತ್ತು ಅಂದರೆ, ನಾನು ಮುಖ ಒಂದನ್ನೇ ಬೆಳಗಿಸಿದ್ದೆ. ಗಲ್ಲದ ಕೆಳಗೆ ಬಂದರೆ ಕುತ್ತಿಗೆ ಕಪ್ಪು. ಕಿವಿ ಕಪ್ಪು. ಕಟ್ಟಿಕೊಂಡ ಕೈ ಕಪ್ಪು. ನಿಜವಾಗಿ ಅಲ್ಲಿ ಹಾಗಿರಲಿಲ್ಲ. ಸೂರ್ಯ ಬೆನ್ನ ಹಿಂದಿದ್ದಾಗ ಮೈಯ ಮುಂಭಾಗವೆಲ್ಲ ಒಂದೇ ನೆರಳಲ್ಲಿ ಇರುತ್ತದೆ. ಮುಖಕ್ಕೆ ಬೀಳುವ ಮಂದ ಬೆಳಕೇ ಕುತ್ತಿಗೆಗೂ ಅಂಗಿಗೂ ಬೀಳುತ್ತದೆ. ಮುಖಕ್ಕೆ ಮಾತ್ರ ನಾಲ್ಕು ಪಟ್ಟು ಬೆಳಕು ಕೊಟ್ಟರೆ (+2 ಅಂದರೆ ಅಷ್ಟು), ಅದಕ್ಕೊಂದು ಬೇರೆ ದೀಪ ಹಿಡಿದ ಹಾಗೆ ಕಾಣುತ್ತದೆ. ಫೋಟೋ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಅದು ಥಟ್ಟನೆ ಗೊತ್ತಾಗುತ್ತದೆ, ಚಿಕ್ಕಪ್ಪನಿಗೆ ಗೊತ್ತಾದ ಹಾಗೆ. ಗಲ್ಲ ಮತ್ತು ಕುತ್ತಿಗೆ ಸೇರುವ ಜಾಗವನ್ನೇ ನೋಡಿ. ಅಲ್ಲಿ ಗೆರೆ ಕಂಡರೆ ಕೆಲಸ ಕೆಟ್ಟಿದೆ ಅಂತಲೇ ಅರ್ಥ.

ಮತ್ತೆ ರಾ ಫೈಲ್‌ನಿಂದ ಶುರು ಮಾಡಿದೆ. ಇಡೀ ಚಿತ್ರಕ್ಕೆ Highlights -50, Shadows +35 ಅಷ್ಟೇ. ಆಮೇಲೆ Select Subject ಒತ್ತಿ ಅಪ್ಪನನ್ನು ತಲೆಯಿಂದ ಕಾಲಿನವರೆಗೆ ಆರಿಸಿ Exposure +0.9 ಕೊಟ್ಟೆ. ಕೂದಲ ಅಂಚಲ್ಲಿ ಸೂರ್ಯನ ಬೆಳಕು ಮೊದಲೇ ಹೊಳೆಯುತ್ತಿತ್ತು. ಅದು ಇನ್ನೂ ಬೆಳ್ಳಗಾಗಬಾರದು ಅಂತ Subtract ಒತ್ತಿ, ಆ ಅಂಚನ್ನು ಸಣ್ಣ ಬ್ರಷ್‌ನಿಂದ ಮಾಸ್ಕ್‌ನಿಂದ ತೆಗೆದೆ.

ಎರಡನೇ ಮಾಸ್ಕ್‌ನಲ್ಲಿ ಮುಖ, ಕಿವಿ, ಕುತ್ತಿಗೆ ಮೂರನ್ನೂ ಸೇರಿಸಿದೆ. Feather 100, Flow 20 ಇಟ್ಟು ಮೆಲ್ಲಗೆ ಬಳಿದೆ. Exposure +0.4 ಮಾತ್ರ. ನೆರಳಿನ ಬೆಳಕು ನೀಲಿ ಕಡೆ ವಾಲುತ್ತದೆ, ಚರ್ಮ ಸತ್ತ ಹಾಗೆ ಕಾಣುತ್ತದೆ. ಹಾಗಾಗಿ Temp ಸ್ವಲ್ಪ ಹಳದಿ ಕಡೆಗೆ ತಳ್ಳಿದೆ. ಕೊನೆಗೆ Blacks -12. ಮೀಸೆ ಮತ್ತೆ ಕಪ್ಪಾಯಿತು, ಕಣ್ಣಿನ ಪಾಪೆಗೆ ಜೀವ ಬಂತು. ನೆರಳು ಎತ್ತಿದವರು ಈ ಒಂದು ಹೆಜ್ಜೆ ಮರೆತರೆ ಮುಖದ ಮೇಲೆ ಹೊಗೆ ಕವಿದ ಹಾಗೆ ಉಳಿಯುತ್ತದೆ.

ಬ್ರಷ್ ತಲೆ ದಾಟಿ ಆಕಾಶಕ್ಕೆ ಚೆಲ್ಲಿದರೆ ತಲೆ ಸುತ್ತ ಬಿಳಿ ಪ್ರಭೆ ಬರುತ್ತದೆ. O ಒತ್ತಿ ನೋಡಿ, ಮಾಸ್ಕ್ ಕೆಂಪಾಗಿ ಕಾಣುತ್ತದೆ. ಚೆಲ್ಲಿದ್ದರೆ Subtract ಒತ್ತಿ Select Sky ಆರಿಸಿ, ಆಕಾಶದ ಭಾಗ ಮಾಸ್ಕ್‌ನಿಂದ ಹೊರಬೀಳುತ್ತದೆ.

ಇನ್ನು ನೀವು ಕೇಳಿದ "ಆಕಾಶದಷ್ಟೇ ಬೆಳಕಾಗಿ" ಅನ್ನೋದು. ದಯವಿಟ್ಟು ಹಾಗೆ ಮಾಡಬೇಡಿ. ಬೆಳಕಿಗೆ ಬೆನ್ನು ಹಾಕಿ ನಿಂತವರ ಮುಖ ಆಕಾಶಕ್ಕಿಂತ ಮಂದವಾಗಿಯೇ ಇರಬೇಕು. ಆ ಮಂದ ಇದ್ದರೇ ಅದು ಸಂಜೆ. ನಾನು ಕೊನೆಗೆ ಮುಖಕ್ಕೆ ಎತ್ತಿದ್ದು ಎರಡೂ ಮಾಸ್ಕ್ ಸೇರಿ +1.3, ಜೊತೆಗೆ ಮೊದಲಿನ Shadows. ಮೊದಲ ಸಲ ಎತ್ತಿದ್ದಕ್ಕಿಂತ ತುಂಬಾ ಕಡಿಮೆ, ಆದರೂ ಅಪ್ಪ ಸ್ಪಷ್ಟವಾಗಿ ಕಂಡರು. ಮುಗಿಸುವ ಮೊದಲು ಚಿತ್ರವನ್ನು ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿ. ಮೊದಲು ಮುಖದ ಬಿಳುಪೇ ಕಣ್ಣಿಗೆ ಹೊಡೆದರೆ ಇನ್ನೊಂದಿಷ್ಟು ಇಳಿಸಿ.

ನಿಮ್ಮ ಹತ್ತಿರ ರಾ ಫೈಲ್ ಇದೆಯಾ ಅಂತ ಹೇಳಿಲ್ಲ. ವಾಟ್ಸಾಪ್‌ನಲ್ಲಿ ಬಂದ ಜೆಪೆಗ್ ಆದರೆ ಮುಖದ ಕಪ್ಪಲ್ಲಿ ಎತ್ತಲು ವಿವರವೇ ಉಳಿದಿರುವುದಿಲ್ಲ, ಎತ್ತಿದರೆ ಚೌಕ ಚೌಕದ ಕಲೆ ಬರುತ್ತದೆ. ಹಾಗಿದ್ದರೆ ನಾನಂತೂ ಮುಖ ಮುಟ್ಟುವುದಿಲ್ಲ. Blacks ಇನ್ನಷ್ಟು ಇಳಿಸಿ, ಆಕಾಶದ ಮುಂದೆ ಬರೀ ಆಕಾರ ಕಾಣುವ ಹಾಗೆ ಬಿಡುತ್ತೇನೆ.