ಕೋರೆಹಲ್ಲು ತಿರುಗಿದ್ದರೆ ತಂತಿಯೋ ಅಲೈನರೋ?

"ನನಗೆ 34. ಕೆಳಗಿನ ಮುಂದಿನ ಹಲ್ಲು ಒತ್ತೊತ್ತಾಗಿವೆ, ಒಂದು ಕೋರೆಹಲ್ಲು ತಿರುಗಿದೆ. ಅಲೈನರ್ ಸಾಕಾ, ತಂತಿಯೇ ಬೇಕಾ?"

ನಿಮ್ಮ ವಿಷಯದಲ್ಲಿ ತೀರ್ಮಾನ ನಿಂತಿರೋದು ಆ ಕೋರೆಹಲ್ಲಿನ ಮೇಲೆ. ಮುಂದಿನ ಹಲ್ಲುಗಳ ಸಣ್ಣ ಒತ್ತನ್ನು ಅಲೈನರ್, ಅಂದರೆ ತೆಗೆದು ಹಾಕಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಟ್ರೇಗಳು, ಚೆನ್ನಾಗಿ ಬಿಡಿಸುತ್ತವೆ. ಕೋರೆಹಲ್ಲು ದುಂಡಗಿರುವುದರಿಂದ ಪ್ಲಾಸ್ಟಿಕ್‌ಗೆ ಹಿಡಿತ ಸಿಗದೆ ಜಾರುತ್ತದೆ. ಅದಕ್ಕೇ ಅದರ ಮೇಲೆ ಹಲ್ಲಿನ ಬಣ್ಣದ ಸಣ್ಣ ಉಬ್ಬು ಅಂಟಿಸುತ್ತಾರೆ. ತಿರುವು ಜಾಸ್ತಿ ಇದ್ದರೆ ನಾನಂತೂ ತಂತಿಯನ್ನೇ ಹೇಳುತ್ತೇನೆ.

ಅಲೈನರ್ ದಿನಕ್ಕೆ 20-22 ಗಂಟೆ ಬಾಯಲ್ಲಿರಬೇಕು. ಗಂಟೆಗೊಮ್ಮೆ ಕಾಫಿಗೆಂದು ಅದನ್ನು ತೆಗೆಯುವವರಿಗೆ ಇದೇ ದೊಡ್ಡ ಕಷ್ಟ. ಕನ್ನಡಿಯಲ್ಲಿ ನೋಡಿ: ಹಲ್ಲಿನ ತುದಿಗೂ ಟ್ರೇಗೂ ನಡುವೆ ಖಾಲಿ ಜಾಗ ಉಳಿದಿದ್ದರೆ ಆ ಹಲ್ಲು ಅಂದುಕೊಂಡಷ್ಟು ಸರಿದಿಲ್ಲ ಅಂತ ಅರ್ಥ. ಆಗ ಮುಂದಿನ ಟ್ರೇ ಹಾಕದೆ ಡಾಕ್ಟರಿಗೆ ತೋರಿಸಿ. ಮತ್ತೆ ಸ್ಕ್ಯಾನ್, ಹೊಸ ಟ್ರೇ ಅಂತಾದರೆ ಕೆಲವು ತಿಂಗಳು ಸೇರಿಕೊಳ್ಳುತ್ತವೆ.

ಸಣ್ಣ ಒತ್ತಿಗೆ ಎರಡರಲ್ಲೂ ಸುಮಾರು 6ರಿಂದ 12 ತಿಂಗಳು. ಹಲ್ಲು ಕೀಳಿಸಬೇಕಾದರೆ ಒಂದೂವರೆ-ಎರಡು ವರ್ಷ. ತಂತಿಯಲ್ಲಿ ಕೆನ್ನೆ ಗೀರುವುದು, ಚಕ್ಕುಲಿ ಕಡಿದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಳಚುವುದು ಮಾಮೂಲು.

ಯಾವುದಕ್ಕೂ ಮೊದಲು ವಸಡು ಪರೀಕ್ಷಿಸಿ, ಎಕ್ಸ್‌ರೇಯಲ್ಲಿ ಮೂಳೆ ನೋಡಿಸಿ. ವಸಡಿನ ರೋಗ ಇದ್ದಾಗ ಹಲ್ಲು ಸರಿಸಿದರೆ ಮೂಳೆ ಇನ್ನಷ್ಟು ಕರಗುತ್ತದೆ. ತಿರುಗಿದ ಹಲ್ಲು ಮತ್ತೆ ತಿರುಗುವುದೇ ಹೆಚ್ಚು, ಹಾಗಾಗಿ ಆಮೇಲೆ ಹಲ್ಲನ್ನು ಜಾಗದಲ್ಲೇ ಹಿಡಿದಿಡುವ ರೀಟೈನರ್ ಖರ್ಚನ್ನೂ ಈಗಲೇ ಕೇಳಿಕೊಳ್ಳಿ.